ಕಣ್ಣಿಗೆ ಒಂದು, ಯಂತ್ರಕ್ಕೆ ಹಲವು: ಕನ್ನಡ ಪದಶೋಧನೆಯಲ್ಲಿ ಬರಹಭೇದದ ಪ್ರಶ್ನೆ

ಗ್ರಂಥಾಲಯವೊಂದು ತನ್ನ ಪುಸ್ತಕಗಳ ಪಟ್ಟಿಯನ್ನು ಜಾಲತಾಣದಲ್ಲಿ ಇರಿಸಿದೆಯೆಂದು ಭಾವಿಸೋಣ. ವಿದ್ಯಾರ್ಥಿಯೊಬ್ಬನು ಅದರ ಶೋಧಪೆಟ್ಟಿಗೆಯಲ್ಲಿ ‘ಗೋವಿಂದ ಪೈ’ ಎಂದು ಬರೆದು ಹುಡುಕುತ್ತಾನೆ. ಮಂಜೇಶ್ವರದ ಗೋವಿಂದ ಪೈಗಳ (1883–1963) ಕೃತಿಗಳು ಆ ಕಪಾಟುಗಳಲ್ಲಿ ಇವೆ. ಪಟ್ಟಿಯಲ್ಲಿಯೂ ಅವರ ಹೆಸರು ತಪ್ಪಿಲ್ಲದೆ ಅಚ್ಚಾಗಿದೆ. ಆದರೂ ತೆರೆಯ ಮೇಲೆ ‘ಯಾವುದೂ ದೊರೆಯಲಿಲ್ಲ’ ಎಂಬ ಉತ್ತರ ಬರುತ್ತದೆ. ಪುಸ್ತಕ ಇಲ್ಲವೆಂದೇ ತಿಳಿದು ವಿದ್ಯಾರ್ಥಿಯು ಹಿಂದಿರುಗುತ್ತಾನೆ. ಇಂತಹ ದೋಷದ ಕೇಡು ಇರುವುದು ಇಲ್ಲಿಯೇ: ಏನನ್ನು ಕಳೆದುಕೊಂಡೆನೆಂಬುದು ಕಳೆದುಕೊಂಡವನಿಗೆ ತಿಳಿಯುವುದಿಲ್ಲವಾದುದರಿಂದ ದೂರು ಹೇಳುವವರೇ ಇರುವುದಿಲ್ಲ, ದೋಷವು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ.

ಓದುವ ಕಣ್ಣು ಅಕ್ಷರದ ರೂಪವನ್ನು ನೋಡುತ್ತದೆ. ಗಣಕವಾದರೋ ಆ ರೂಪದ ಹಿಂದಿರುವ ಸಂಖ್ಯೆಗಳನ್ನು ಮಾತ್ರ ಹೋಲಿಸುತ್ತದೆ. ಯೂನಿಕೋಡ್ ವ್ಯವಸ್ಥೆಯು 1991ರಲ್ಲಿ ಪ್ರಕಟವಾದ ತನ್ನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಪ್ರತ್ಯೇಕವಾದ ನೆಲೆಯನ್ನು ಒದಗಿಸಿದೆ. `U+0C80` ಎಂಬಲ್ಲಿಂದ `U+0CFF`ವರೆಗಿನ 128 ಸ್ಥಾನಗಳು ಕನ್ನಡದವು. ‘ಗ’ಕಾರಕ್ಕೆ `0C97`, ‘ವ’ಕಾರಕ್ಕೆ `0CB5`, ಹೀಗೆ ಒಂದೊಂದಕ್ಕೂ ಒಂದೊಂದು ಸಂಕೇತ. ಇಲ್ಲಿಯವರೆಗೆ ತೊಡಕಿಲ್ಲ. ತೊಡಕು ಹುಟ್ಟುವುದು ಸ್ವರಚಿಹ್ನೆಗಳಲ್ಲಿ.

‘ಗೋ’ ಎಂಬುದನ್ನು ಬರೆಯುವ ಬಗೆಯನ್ನು ಗಮನಿಸಬೇಕು. ಓಕಾರದ ಚಿಹ್ನೆಯು ಬರಹದಲ್ಲಿ ಎತ್ವ, ಕೊಂಬಿನ ಇಳಿ, ಕೊನೆಗೆ ದೀರ್ಘ ಎಂಬ ಮೂರು ತುಂಡುಗಳಿಂದ ಆದುದು. ಯೂನಿಕೋಡಿನಲ್ಲಿ ಇಡಿಯ ಓಕಾರಚಿಹ್ನೆಗೆ `0CCB` ಎಂಬ ಒಂದು ಸ್ಥಾನವಿದೆ. ಅದರ ತುಂಡುಗಳಿಗೂ ಬೇರೆ ಬೇರೆ ಸ್ಥಾನಗಳಿವೆ. ಆದುದರಿಂದ ಒಂದೇ ‘ಗೋವಿಂದ’ ಪದವನ್ನು ಮೂರು ಬಗೆಯಲ್ಲಿ ಸಂಗ್ರಹಿಸಿಡಲು ಬರುತ್ತದೆ:

```
0C97 0CCB           0CB5 0CBF 0C82 0CA6
0C97 0CCA 0CD5      0CB5 0CBF 0C82 0CA6
0C97 0CC6 0CC2 0CD5 0CB5 0CBF 0C82 0CA6
```

ಮೊದಲನೆಯದರಲ್ಲಿ ಆರು ಸಂಕೇತ, ಎರಡನೆಯದರಲ್ಲಿ ಏಳು, ಮೂರನೆಯದರಲ್ಲಿ ಎಂಟು. ತೆರೆಯ ಮೇಲೆ ಮೂರೂ ಒಂದೇ. ‘ಪೈ’ ಎಂಬುದರ ಗತಿಯೂ ಇದೇ. ಐತ್ವವನ್ನು ಒಂದು ಸಂಕೇತದಿಂದಲೂ ಬರೆಯಬಹುದು, ಎತ್ವದ ಜೊತೆಗೆ `0CD6` ಸೇರಿಸಿ ಎರಡರಿಂದಲೂ ಬರೆಯಬಹುದು. ಹೀಗಾಗಿ ‘ಗೋವಿಂದ ಪೈ’ ಎಂಬ ಹೆಸರಿಗೆ ಆಗಲೇ ಆರು ರೂಪಗಳಾದವು.

ಈ ಭೇದಗಳನ್ನು ಯಾರೂ ಬೇಕೆಂದು ಮಾಡುವುದಲ್ಲ. ಇಂದಿನ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಬರೆದಾಗ ಓಕಾರವು ಒಂದೇ ಸಂಕೇತವಾಗಿ ಬರುತ್ತದೆ. ಆದರೆ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಸಿದ್ಧವಾದ ಕಡತಗಳಲ್ಲಿ ಅಕ್ಷರಗಳು ಅಚ್ಚಿನ ಮೊಳೆಗಳಂತೆ ತುಂಡುತುಂಡಾಗಿ ಇರುತ್ತವೆ. ಆ ಶೈಲಿಯಿಲ್ಲದ ಗಣಕದಲ್ಲಿ ಅಂತಹ ಕಡತವನ್ನು ತೆರೆದರೆ ‘ಗೋವಿಂದ’ ಎಂಬುದು `UÉÆÃ«AzÀ` ಎಂದು ಕಾಣುತ್ತದೆ. ಅಲ್ಲಿ `É`, `Æ`, `Ã` ಎಂಬ ಮೂರು ಗುರುತುಗಳು ಓಕಾರದ ಮೂರು ತುಂಡುಗಳು. ಒಂದೊಂದು ತುಂಡಿಗೂ ಒಂದೊಂದು ಸಂಕೇತವನ್ನು ಇಟ್ಟು ಮುಂದೆ ಸಾಗುವ ಸರಳ ಪರಿವರ್ತಕದ ಮೂಲಕ ಇದನ್ನು ಯೂನಿಕೋಡಿಗೆ ತಂದರೆ ಮೇಲಿನ ಮೂರನೆಯ ರೂಪವೇ ಹುಟ್ಟುತ್ತದೆ. ಹೊಸದಾಗಿ ಸೇರಿಸಿದ ಪುಸ್ತಕಗಳು ಒಂದು ರೂಪದಲ್ಲಿಯೂ ಹಳೆಯ ಪಟ್ಟಿಯಿಂದ ಬಂದವು ಇನ್ನೊಂದು ರೂಪದಲ್ಲಿಯೂ ಒಂದೇ ತಾಣದೊಳಗೆ ನಿಲ್ಲುವುದು ಹೀಗೆ.

ದೋಷವನ್ನು ಗುರುತಿಸಲು ಸುಲಭವಾದ ಪರೀಕ್ಷೆಯೊಂದಿದೆ. ಕೀಲಿಮಣೆಯಿಂದ ಬರೆದ ಪದ ಸಿಗದಿದ್ದಾಗ, ಪಟ್ಟಿಯ ಪುಟದಲ್ಲಿ ಕಾಣುವ ಅದೇ ಪದವನ್ನು ನಕಲು ಮಾಡಿ ಶೋಧಪೆಟ್ಟಿಗೆಯಲ್ಲಿ ಅಂಟಿಸಿ ನೋಡಬೇಕು. ಅಂಟಿಸಿದ್ದು ಸಿಕ್ಕಿ ಬರೆದದ್ದು ಸಿಗದೆ ಹೋದರೆ, ಕಾರಣವು ಕಾಗುಣಿತದಲ್ಲಿಲ್ಲ, ಸಂಕೇತದಲ್ಲಿದೆ ಎಂಬುದು ಖಚಿತ.

ಇದಕ್ಕೆ ಪರಿಹಾರವನ್ನು ಯೂನಿಕೋಡ್ ವ್ಯವಸ್ಥೆಯೇ ಹೇಳಿದೆ. ಮೇಲಿನ ಮೂರು ರೂಪಗಳು ಪರಸ್ಪರ ಸಮಾನವೆಂದು ಅದು ವಿಧಿಸಿದೆ. ಅವುಗಳನ್ನೆಲ್ಲ ಕೂಡಿಸಿ ಒಂದೇ ರೂಪಕ್ಕೆ ತರುವ ಕ್ರಮಕ್ಕೆ `NFC` ಎಂದು ಹೆಸರಿಟ್ಟಿದೆ. ಬಳಕೆಯಲ್ಲಿರುವ ಹಲವು ಮುಖ್ಯ ಗಣಕಭಾಷೆಗಳಲ್ಲಿ ಇದಕ್ಕೆ ಸಿದ್ಧ ಆಜ್ಞೆಯಿದೆ. ಆದರೆ ಆಜ್ಞೆಯನ್ನು ಕೊಟ್ಟಾಗ ಮಾತ್ರ ಅದು ನಡೆಯುತ್ತದೆ, ತಾನಾಗಿ ನಡೆಯುವುದಿಲ್ಲ. ಅಲ್ಲದೆ ಬಳಕೆದಾರನು ಬರೆದ ಪದಕ್ಕೆ ಅದನ್ನು ಅನ್ವಯಿಸಿ ಸಂಗ್ರಹದ ಪಾಠವನ್ನು ಹಾಗೆಯೇ ಬಿಟ್ಟರೆ ಪ್ರಯೋಜನವಿಲ್ಲ. ಎರಡೂ ಒಂದೇ ಸಾಣೆಯಲ್ಲಿ ಹಾಯಬೇಕು. ಮೂಲಪಾಠವನ್ನಂತೂ ಮುಟ್ಟಬಾರದು, ಅದರ ಪಕ್ಕದಲ್ಲಿ ಹುಡುಕುವುದಕ್ಕೆಂದೇ ಒಂದು ಪ್ರತಿರೂಪವನ್ನು ಇರಿಸಬೇಕು. ಓದುಗನಿಗೆ ತೋರುವುದು ಮೂಲ, ಹೋಲಿಸುವುದು ಪ್ರತಿರೂಪ.

ಇಷ್ಟರಿಂದಲೇ ಕೆಲಸ ಮುಗಿಯಿತೆಂದು ನಂಬುವವರು ಹಲವರು. `NFC` ಮುಟ್ಟದೆ ಬಿಡುವ ಸಂಗತಿಗಳು ಕನ್ನಡದಲ್ಲಿ ಕೆಲವಿವೆ. ಅವುಗಳಲ್ಲಿ ಅತ್ಯಂತ ಸ್ವಾರಸ್ಯವಾದುದು ಅನುಸ್ವಾರದ್ದು. ಕನ್ನಡ ಶಾಲೆಯ ಮಕ್ಕಳೆಲ್ಲರೂ ಅನುಸ್ವಾರವನ್ನು ‘ಸೊನ್ನೆ’ ಎಂದೇ ಕರೆಯುತ್ತಾರೆ. ಅದರ ಆಕಾರವೂ ಕನ್ನಡದ ಸೊನ್ನೆಯ ಅಂಕಿಯದೇ. ಬೆರಳಚ್ಚಿನವನು ಅಂಕಿಯನ್ನೇ ಒತ್ತಿದರೆ, ಅಥವಾ ಅಚ್ಚಾದ ಪುಟವನ್ನು ಓದುವ ಯಂತ್ರವು ಹಾಗೆ ಓದಿಕೊಂಡರೆ, ‘ಗೋವಿ೦ದ’ ಎಂದಾಗುತ್ತದೆ. ಅನುಸ್ವಾರದ `0C82` ಇರಬೇಕಾದಲ್ಲಿ ಅಂಕಿಯ `0CE6` ಕುಳಿತಿರುತ್ತದೆ. ಯೂನಿಕೋಡಿನ ದೃಷ್ಟಿಯಲ್ಲಿ ಇವೆರಡೂ ಬೇರೆಯೇ ಆದುದರಿಂದ ಅದು ಸರಿಪಡಿಸುವುದಿಲ್ಲ. ಅಕ್ಷರದ ಅಥವಾ ಸ್ವರಚಿಹ್ನೆಯ ಬೆನ್ನಿಗೇ ಬಂದ ಸೊನ್ನೆಯನ್ನು ಮಾತ್ರ ಅನುಸ್ವಾರವೆಂದು ತೆಗೆದುಕೊಳ್ಳಬೇಕು. ಹಾಗೆ ಮಾಡಿದರೆ ‘೧೦’ ಎಂಬ ಸಂಖ್ಯೆಗೆ ಹಾನಿಯಿಲ್ಲ.

ಎರಡನೆಯದು ವರ್ಗಾಕ್ಷರಗಳ ಹಿಂದಿನ ಅನುನಾಸಿಕ. ಹಳೆಯ ಪಾಠಗಳಲ್ಲಿ ‘ಗೋವಿನ್ದ’ ಎಂಬ ಬರಹವೂ ಇರುತ್ತದೆ. ಉಚ್ಚಾರದಲ್ಲಿ ಭೇದವಿಲ್ಲ. ಆಯಾ ವರ್ಗದ ಮೊದಲ ನಾಲ್ಕು ಅಕ್ಷರಗಳ ಹಿಂದೆ ಅದೇ ವರ್ಗದ ಅನುನಾಸಿಕವು ಬಂದಾಗ ಅದನ್ನು ಅನುಸ್ವಾರವಾಗಿಸಿದರೆ ‘ಪಮ್ಪ’, ‘ಪಂಪ’ಗಳೂ ಒಂದಾಗುತ್ತವೆ. ಐದನೆಯ ಅಕ್ಷರವನ್ನು ಈ ನಿಯಮದಿಂದ ಹೊರಗಿಟ್ಟರೆ ‘ಅನ್ನ’, ‘ಅಮ್ಮ’, ‘ಬಣ್ಣ’ಗಳು ಹಾಗೆಯೇ ಉಳಿಯುತ್ತವೆ.

ಮೂರನೆಯದು ಕಣ್ಣಿಗೇ ಕಾಣದ್ದು. ಅಕ್ಷರಗಳು ಕೂಡುವ ಬಗೆಯನ್ನು ಹೇಳುವುದಕ್ಕಾಗಿ ಅಗಲವಿಲ್ಲದ ಎರಡು ಗುರುತುಗಳಿವೆ: ಕೂಡಿಸುವ `U+200D`, ಬಿಡಿಸುವ `U+200C`. ‘ಸೂರ್ಯ’ ಎಂದು ಅರ್ಕಾವೊತ್ತಿನಿಂದ ಬರೆಯುವವರಿದ್ದಾರೆ, ‘ಸೂರ‍್ಯ’ ಎಂದು ರಕಾರಕ್ಕೆ ಯಕಾರದ ಒತ್ತು ಕೊಡುವವರೂ ಇದ್ದಾರೆ. ಎರಡನೆಯದರಲ್ಲಿ ಕೂಡಿಸುವ ಗುರುತು ಅಡಗಿದೆ. ‘ಇನ್‌ಸ್ಕ್ರಿಪ್ಟ್’ ಎಂಬಲ್ಲಿ ಸಕಾರವು ನಕಾರಕ್ಕೆ ಒತ್ತಾಗದಂತೆ ತಡೆದಿರುವುದು ಬಿಡಿಸುವ ಗುರುತು. ತೋರುವ ಪಾಠದಲ್ಲಿ ಇವು ಅವಶ್ಯ, ಹುಡುಕುವ ಪ್ರತಿರೂಪದಲ್ಲಿ ಅನವಶ್ಯ. ಇಲ್ಲಿ ಅನುಕ್ರಮವನ್ನು ಮರೆಯಬಾರದು. ಇಂತಹ ಗುರುತೊಂದು ಸ್ವರಚಿಹ್ನೆಯ ತುಂಡುಗಳ ನಡುವೆ ಸಿಕ್ಕಿಕೊಂಡಿದ್ದರೆ `NFC` ಆ ತುಂಡುಗಳನ್ನು ಕೂಡಿಸಲಾರದು. ಆದುದರಿಂದ ಮೊದಲು ಗುರುತುಗಳನ್ನು ತೆಗೆಯಬೇಕು, ಅನಂತರವೇ ಕೂಡಿಸಬೇಕು. ತುಂಡುಗಳು ಹಿಂದುಮುಂದಾಗಿ, ಏತ್ವದ ಬಳಿಕ ಊಕಾರದ ಚಿಹ್ನೆ ಬಂದಿರುವುದೂ ಉಂಟು; ಅದನ್ನೂ ಓಕಾರವಾಗಿ ತಿದ್ದಬೇಕಾಗುತ್ತದೆ.

ಇವೆಲ್ಲವನ್ನೂ ಪೈಥಾನ್ ಭಾಷೆಯಲ್ಲಿ ಬರೆದರೆ ಹತ್ತಾರು ಸಾಲು ಮೀರುವುದಿಲ್ಲ:

```python
import re, unicodedata
VARGA = [("ಙ","ಕ-ಘ"), ("ಞ","ಚ-ಝ"), ("ಣ","ಟ-ಢ"),
         ("ನ","ತ-ಧ"), ("ಮ","ಪ-ಭ")]

def key(s):
    s = re.sub("[\u200c\u200d]", "", s)
    s = unicodedata.normalize("NFC", s)
    s = s.replace("\u0cc7\u0cc2", "\u0ccb")
    s = re.sub("(?<=[\u0c85-\u0ccc])\u0ce6", "\u0c82", s)
    for n, v in VARGA:
        s = re.sub(n + "\u0ccd(?=[" + v + "])", "\u0c82", s)
    return s
```

ಇಲ್ಲಿಯವರೆಗಿನದು ಒಂದೇ ಪದದ ಹಲವು ವೇಷಗಳನ್ನು ಕಳಚುವ ಕೆಲಸ. ಬರಹವೇ ಬೇರೆಯಾದಾಗ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ. ಗೋವಿಂದ ಪೈಗಳ ‘ಗೊಲ್ಗೊಥಾ’ ಕಾವ್ಯವನ್ನು ಹುಡುಕುವವನು ‘ಗೋಲ್ಗೋಥಾ’ ಎಂದಾನು, ‘ಗೊಲ್ಗೊತಾ’ ಎಂದಾನು. ದೀರ್ಘವನ್ನು ಹ್ರಸ್ವಕ್ಕೂ ಮಹಾಪ್ರಾಣವನ್ನು ಅಲ್ಪಪ್ರಾಣಕ್ಕೂ ಇಳಿಸಿ ಇನ್ನೊಂದು ಪ್ರತಿರೂಪವನ್ನು ಮಾಡಿದರೆ ಮೂರೂ ‘ಗೊಲ್ಗೊತ’ ಎಂದಾಗಿ ಸೇರುತ್ತವೆ. ಆದರೆ ಇದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಅದೇ ನಿಯಮದಿಂದ ‘ಬೇಳೆ’ಯೂ ‘ಬೆಳೆ’ಯೂ ಒಂದಾಗುತ್ತವೆ; ‘ಕೋಡು’ ಹುಡುಕಿದವನಿಗೆ ‘ಕೊಡು’ ಎಂಬ ಪದವುಳ್ಳ ನೂರಾರು ಪುಟಗಳು ಎದುರಾಗುತ್ತವೆ. ಲಕಾರ ಳಕಾರಗಳನ್ನೂ ಕೂಡಿಸಿದರೆ ‘ಹಳ್ಳಿ’ಗೆ ‘ಹಲ್ಲಿ’ ಸಿಗುತ್ತದೆ. ಕನ್ನಡದಲ್ಲಿ ಹ್ರಸ್ವದೀರ್ಘಗಳು ಅರ್ಥವನ್ನೇ ಬೇರ್ಪಡಿಸುವಂಥವು, ಅಲಂಕಾರಗಳಲ್ಲ. ಆದುದರಿಂದ ಈ ಸಡಿಲ ಹೋಲಿಕೆಯನ್ನು ಮೊದಲನೆಯದರೊಡನೆ ಬೆರೆಸದೆ, ಬಿಗಿಯಾದ ಹೋಲಿಕೆಯಿಂದ ಸಿಕ್ಕವುಗಳ ಕೆಳಗೆ ‘ಹತ್ತಿರದ ಬರಹಗಳು’ ಎಂಬ ಬೇರೆ ತಲೆಬರಹದಲ್ಲಿ ತೋರಿಸುವುದೇ ಯುಕ್ತ.

ಹಳಗನ್ನಡದ ಱಕಾರ ೞಕಾರಗಳನ್ನೂ ಈ ಎರಡನೆಯ ಪಂಕ್ತಿಯಲ್ಲಿಯೇ ರಕಾರ ಳಕಾರಗಳೊಡನೆ ಕೂಡಿಸಬೇಕು. ಇಂದಿನ ಓದುಗರಲ್ಲಿ ಅನೇಕರಿಗೆ ಕೀಲಿಮಣೆಯಲ್ಲಿ ಅವು ಎಲ್ಲಿವೆಯೆಂಬುದೇ ತಿಳಿಯದು. (ೞಕಾರಕ್ಕೆ ಯೂನಿಕೋಡಿನಲ್ಲಿ ಅಧಿಕೃತವಾಗಿ ಇರುವ ಹೆಸರು `KANNADA LETTER FA`. ಅದು ತಪ್ಪೆಂದು ಎಲ್ಲರೂ ಒಪ್ಪಿದ್ದರೂ, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ಕಟ್ಟಳೆಯಿಂದಾಗಿ ಹಾಗೆಯೇ ಉಳಿದಿದೆ.)

ವಿಭಕ್ತಿ ಸೇರಿದ ‘ಪೈಯವರ’, ‘ಪೈಗಳಿಗೆ’ ಮುಂತಾದವುಗಳನ್ನು ಪದದ ಆದಿಭಾಗದ ಹೋಲಿಕೆಯಿಂದ ಬಹುಮಟ್ಟಿಗೆ ಹಿಡಿಯಬಹುದು. ‘ಗೋವಿಂದಪೈ’ ಎಂದು ಕೂಡಿಸಿ ಬರೆದುದಕ್ಕೆ ತೆರಪುಗಳನ್ನು ತೆಗೆದ ಇನ್ನೊಂದು ಪ್ರತಿರೂಪ ಬೇಕಾಗುತ್ತದೆ.

ನಿಯಮಗಳನ್ನು ತಿದ್ದಿದಾಗಲೆಲ್ಲ ಪರೀಕ್ಷೆ ನಡೆಯಬೇಕು. ‘ಗೋವಿಂದ’ ಪದದ ಮೂರು ಸಂಕೇತರೂಪಗಳು, ಸೊನ್ನೆಯದು, ‘ಗೋವಿನ್ದ’, ನಡುವೆ ಅಡಗಿದ ಗುರುತುಳ್ಳದ್ದು, ಹೀಗೆ ಆರನ್ನು ಒಂದು ಕಡತದಲ್ಲಿ ಸಿದ್ಧವಾಗಿಟ್ಟುಕೊಂಡು ಹುಡುಕಿದರೆ ಆರಕ್ಕೂ ಒಂದೇ ಸಂಖ್ಯೆಯ ಫಲಿತಾಂಶ ಬರಬೇಕು. ‘ಬೇಳೆ’ಗೂ ‘ಬೆಳೆ’ಗೂ ಬಿಗಿಯಾದ ಹೋಲಿಕೆಯಲ್ಲಿ ಬೇರೆ ಬೇರೆ ಪುಟಗಳೇ ಬರಬೇಕು. ನಿಯಮ ಬದಲಾದಮೇಲೆ ಸಂಗ್ರಹದ ಪ್ರತಿರೂಪಗಳನ್ನೆಲ್ಲ ಮತ್ತೆ ತಯಾರಿಸದಿದ್ದರೆ ಹಳೆಯ ಪುಸ್ತಕಗಳು ಪುನಃ ಕಣ್ಮರೆಯಾಗುತ್ತವೆ.

ಸಿಕ್ಕ ಪದಕ್ಕೆ ಬಣ್ಣ ಬಳಿದು ತೋರಿಸುವಾಗಲೂ ಒಂದು ಎಚ್ಚರ ಬೇಕು. ಪ್ರತಿರೂಪದಲ್ಲಿ ಆರು ಸಂಕೇತಗಳಿರುವ ಪದವು ಮೂಲದಲ್ಲಿ ಎಂಟಾಗಿರಬಹುದು. ಪ್ರತಿರೂಪದಲ್ಲಿನ ಎಣಿಕೆಯನ್ನೇ ಹಿಡಿದು ಮೂಲದಲ್ಲಿ ಬಣ್ಣ ಬಳಿದರೆ ‘ಗೋವಿ’ ಎಂಬಷ್ಟಕ್ಕೆ ಮಾತ್ರ ಬಣ್ಣ ಹತ್ತಿ ‘ಂದ’ ಹೊರಗುಳಿಯುತ್ತದೆ; ಪುಟದಲ್ಲಿ ಇಂತಹ ಪದಗಳು ಹೆಚ್ಚಿದಂತೆ ಬಣ್ಣವು ಇನ್ನಷ್ಟು ಜಾರುತ್ತದೆ. ಮೂಲವನ್ನು ಮೊದಲೇ ಪದಗಳಾಗಿ ಬಿಡಿಸಿ, ಒಂದೊಂದರ ಪ್ರತಿರೂಪವನ್ನು ಹೋಲಿಸಿ, ಹೊಂದಿದ ಇಡಿಯ ಪದಕ್ಕೆ ಬಣ್ಣ ಕೊಟ್ಟರೆ ಈ ತೊಂದರೆ ಇರುವುದಿಲ್ಲ.