ಮಿತಿ ಹತ್ತು ಲಕ್ಷ, ಕೈಗೆ ಸಿಗುವುದೆಷ್ಟು?

ದಾವಣಗೆರೆಯ ಒಬ್ಬ ಬಟ್ಟೆ ವ್ಯಾಪಾರಿಯ ಲೆಕ್ಕ ನೋಡಿ. ಬ್ಯಾಂಕು ಮಂಜೂರು ಮಾಡಿದ ಕ್ಯಾಶ್ ಕ್ರೆಡಿಟ್ ಮಿತಿ 10 ಲಕ್ಷ. ಅಷ್ಟೂ ತನ್ನದೇ ಎಂದುಕೊಂಡು ಅವರು 9 ಲಕ್ಷದ ಚೆಕ್ ಬರೆದರು. ಅದು ವಾಪಸಾಯಿತು.

ಅಂಗಡಿಯಲ್ಲಿದ್ದ ಸರಕು 12 ಲಕ್ಷದ್ದು. ಅದರಲ್ಲಿ 4 ಲಕ್ಷದ ಮಾಲು ಸಗಟು ವ್ಯಾಪಾರಿಯಿಂದ ಸಾಲಕ್ಕೆ ತಂದದ್ದು. ದುಡ್ಡು ಕೊಡದ ಮಾಲನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ 8 ಲಕ್ಷದಲ್ಲಿ ಅವರ ಮಂಜೂರಾತಿ ಪತ್ರದಂತೆ ಶೇ. 25 ಮಾರ್ಜಿನ್ ಕಳೆದರೆ 6 ಲಕ್ಷ. ಅದೇ ಡ್ರಾಯಿಂಗ್ ಪವರ್. ಗಿರಾಕಿಗಳಿಂದ ಬರಬೇಕಾದ ಬಾಕಿಯೂ ಸೇರಬಹುದಿತ್ತು, ಆದರೆ ಇವರದ್ದೆಲ್ಲ 90 ದಿನ ದಾಟಿದ ಹಳೇ ಉದ್ರಿ. ಅದನ್ನು ಬ್ಯಾಂಕು ಬಿಟ್ಟಿತು.

ಹಾಗಾಗಿ ಚೆಕ್ ಬರೆಯುವ ಮುನ್ನ ಮಿತಿಯನ್ನಲ್ಲ, ಡ್ರಾಯಿಂಗ್ ಪವರನ್ನು ನೋಡಿಕೊಳ್ಳಿ. ಸ್ಟಾಕ್ ಸ್ಟೇಟ್‌ಮೆಂಟ್ ಕೊಡಲು ಸೋಮಾರಿತನ ಬೇಡ. ಮೂರು ತಿಂಗಳಿಗಿಂತ ಹಳೆಯದಾದರೆ ಖಾತೆಯನ್ನೇ ಅನಿಯಮಿತ ಎಂದು ಪರಿಗಣಿಸುತ್ತಾರೆ. ಸರಕನ್ನು ಉಬ್ಬಿಸಿ ಬರೆಯುವುದಂತೂ ಬೇಡವೇ ಬೇಡ, ಅಧಿಕಾರಿ ಗೋದಾಮಿಗೇ ಬಂದು ಎಣಿಸುತ್ತಾರೆ.

ಬಡ್ಡಿ ಬೀಳುವುದು ಮಿತಿಯ ಮೇಲಲ್ಲ, ದಿನದಿನದ ಬಾಕಿಯ ಮೇಲೆ. ಮಾರಾಟದ 2 ಲಕ್ಷವನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳದೆ ಹತ್ತು ದಿನ ಖಾತೆಗೆ ಕಟ್ಟಿದರೆ, ಶೇ. 11ರ ದರದಲ್ಲಿ ಸುಮಾರು 600 ರೂಪಾಯಿ ಬಡ್ಡಿ ಉಳಿಯುತ್ತದೆ. ಬೇಕಾದಾಗ ಮತ್ತೆ ತೆಗೆಯಲು ಅಡ್ಡಿಯಿಲ್ಲ.