ದೊಡ್ಡ ಕಾದಂಬರಿಯೊಂದನ್ನು ಒಂದು ಸಂಜೆಯ ಓದಿಗೆ ಸಂಗ್ರಹಿಸುವ ಕ್ರಮ

ನಮ್ಮ ಶಾಲೆಯನ್ನು ಬಿಟ್ಟುಹೋದ ಹೆಣ್ಣುಮಕ್ಕಳಲ್ಲಿ ಕೆಲವರು ತಮ್ಮ ಊರುಗಳಲ್ಲಿ ಓದುವ ಕೂಟಗಳನ್ನು ನಡಿಸಿಕೊಂಡು ಬರುತ್ತಾರೆಂಬುದು ನಮಗೆ ಸಂತೋಷದ ಸಂಗತಿ. ಆದರೆ ಇಂಥ ಕೂಟಗಳಲ್ಲಿ ಆಗಾಗ್ಗೆ ಒಂದು ತೊಡಕು ಉಂಟಾಗುತ್ತದೆ. ಶನಿವಾರ ಕೂಟವೆಂದಿದ್ದರೆ, ಆಸ್ಪತ್ರೆಯಲ್ಲಿ ದಾದಿಯಾಗಿರುವವಳಿಗಾಗಲಿ ಕೈಗೂಸಿನ ತಾಯಿಗಾಗಲಿ ಶುಕ್ರವಾರದ ಸಂಜೆಯ ಹೊರತು ಬೇರೆ ಬಿಡುವು ದೊರೆಯದು. ಪುಸ್ತಕವೋ ದಿಂಬಿನಷ್ಟು ದಪ್ಪ. ಆಗ ಅದನ್ನು ಮೊದಲೇ ಓದಿದವಳೊಬ್ಬಳು ಸಾರಾಂಶವನ್ನು ಬರೆದುಕೊಡಬೇಕಾಗುವುದು. ಆ ಕೆಲಸವನ್ನು ಮಾಡತಕ್ಕ ರೀತಿಯನ್ನು ಇಲ್ಲಿ ಒಂದು ಪುಸ್ತಕವನ್ನೇ ಮುಂದಿಟ್ಟುಕೊಂಡು ವಿವರಿಸುವೆವು. ಆ ಪುಸ್ತಕವು ೧೮೬೨ರಲ್ಲಿ ಪ್ರಕಟವಾದ ವಿಕ್ಟರ್ ಹ್ಯೂಗೋವಿನ ‘ಲೇ ಮಿಸೆರಾಬ್ಲ್’.

ಈ ಕಾದಂಬರಿಯಲ್ಲಿ ಐದು ಭಾಗಗಳೂ, ಅವುಗಳೊಳಗೆ ನಾಲ್ವತ್ತೆಂಟು ‘ಪುಸ್ತಕ’ಗಳೂ, ಒಟ್ಟು ೩೬೫ ಅಧ್ಯಾಯಗಳೂ ಇವೆ. ಮಾತುಗಳನ್ನು ಎಣಿಸಿದರೆ ಐದು ಲಕ್ಷವನ್ನು ಮೀರುವವು. ಓದುವವಳಿಗಿರುವ ಸಮಯವು ಎರಡು ಗಂಟೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಅರ್ಧ ಗಂಟೆಯನ್ನು ಮೂಲಗ್ರಂಥದ ಕೆಲವು ಪುಟಗಳಿಗಾಗಿ ತೆಗೆದಿಡತಕ್ಕದ್ದು. ಇದರ ಕಾರಣವನ್ನು ಮುಂದೆ ಹೇಳುವೆವು. ಉಳಿದ ಒಂದೂವರೆ ಗಂಟೆಯಲ್ಲಿ, ನಿಮಿಷಕ್ಕೆ ನೂರು ಮಾತಿನಂತೆ ನಿಧಾನವಾಗಿ ಓದಿದರೆ, ಒಂಬತ್ತು ಸಾವಿರ ಮಾತುಗಳಾಗುವವು. ಅಂದರೆ ಹ್ಯೂಗೋವಿನ ಸುಮಾರು ಐವತ್ತೈದು ಮಾತುಗಳಿಗೆ ನಮಗೆ ಒಂದೇ ಮಾತು ದೊರೆಯುವುದು.

ಈ ಲೆಕ್ಕವನ್ನು ಕಂಡೊಡನೆ ಅನೇಕರು ಪ್ರತಿಯೊಂದು ಅಧ್ಯಾಯವನ್ನೂ ಐವತ್ತೈದರಲ್ಲಿ ಒಂದು ಪಾಲಿಗೆ ಇಳಿಸಹೋಗುವರು. ಇದು ಪ್ರಾಮಾಣಿಕವಾದ ದಾರಿಯೆಂದು ತೋರಿದರೂ ಕಥೆಯನ್ನು ಕೆಡಿಸುವುದು. ಈ ಕಾದಂಬರಿಯ ಮೊದಲನೆಯ ‘ಪುಸ್ತಕ’ದ ಹದಿನಾಲ್ಕು ಅಧ್ಯಾಯಗಳೂ ಮಿರಿಯೆಲ್ ಎಂಬ ವೃದ್ಧ ಬಿಷಪ್ಪರ ದಿನಚರಿಗೆ ಮೀಸಲಾಗಿವೆ, ಕಥಾನಾಯಕನಾದ ಜಾನ್ ವಾಲ್ಜಾನನು ಇನ್ನೂ ಕಣ್ಣಿಗೇ ಬಿದ್ದಿರುವುದಿಲ್ಲ. ಸಮಪಾಲು ಮಾಡಿದವಳ ಸಾರಾಂಶದಲ್ಲಿ ಈ ಬಿಷಪ್ಪರ ಮನೆಯ ಖರ್ಚುವೆಚ್ಚಕ್ಕೆ ದೊರೆತಷ್ಟು ಸ್ಥಳವೇ ನಾಯಕನ ಮನಃಪರಿವರ್ತನೆಗೂ ದೊರೆಯುವುದು. ಓದಿದವಳಿಗೆ ನಡೆದುದೆಲ್ಲಾ ತಿಳಿಯುವುದು. ಅದು ಏಕೆ ನಡೆಯಿತೆಂಬುದು ತಿಳಿಯದು. ಕೂಟದಲ್ಲಿ ಚರ್ಚೆಯಾಗುವುದಾದರೋ ಈ ‘ಏಕೆ’ ಎಂಬುದೇ.

ಆದುದರಿಂದ ನಾವು ಹಿಡಿಯುವ ಕ್ರಮವು ಬೇರೆ. ಪುಸ್ತಕವನ್ನು ಓದುವಾಗಲೇ ಅಧ್ಯಾಯಕ್ಕೊಂದು ಸಾಲಿನಂತೆ ಚೀಟಿಗಳಲ್ಲಿ ಗುರುತು ಮಾಡಿಟ್ಟುಕೊಳ್ಳುವೆವು. ಓದಿ ಮುಗಿದಮೇಲೆ ಮೊದಲಿನಿಂದ ಬರೆಯಲು ತೊಡಗದೆ, ಕೊನೆಯಿಂದ ಹಿಂದಕ್ಕೆ ನಡೆಯುವೆವು. ಕೊನೆಯ ಚೀಟಿಯನ್ನು ತೆಗೆದುಕೊಂಡು, ಇದು ನಡೆಯಬೇಕಾದರೆ ಮೊದಲು ಏನು ನಡೆದಿರಬೇಕು ಎಂದು ಕೇಳುತ್ತಾ, ಉತ್ತರವಾಗಿ ಬಂದ ಚೀಟಿಗಳನ್ನು ಮಾತ್ರ ಒಂದು ಕಡೆಗೆ ಇಡುತ್ತಾ ಹೋಗತಕ್ಕದ್ದು.

ಇದನ್ನು ಮಾಡಿ ನೋಡೋಣ. ಕೊನೆಯಲ್ಲಿ ವಾಲ್ಜಾನನು ಮರಣಶಯ್ಯೆಯಲ್ಲಿದ್ದಾನೆ. ಅವನು ಸಾಕಿದ ಕೋಸೆಟಳೂ ಅವಳ ಗಂಡನಾದ ಮಾರಿಯುಸನೂ ಓಡಿಬಂದು ಮಂಚದ ಬಳಿಯಲ್ಲಿ ಮೊಣಕಾಲೂರುತ್ತಾರೆ. ಅವರು ಇಷ್ಟು ತಡವಾಗಿ ಬಂದುದೇಕೆ? ವಾಲ್ಜಾನನು ತಾನು ಹಿಂದೆ ಸೆರೆಯಲ್ಲಿದ್ದ ಅಪರಾಧಿಯೆಂದು ಮಾರಿಯುಸನಿಗೆ ತಾನಾಗಿಯೇ ತಿಳಿಸಿದ್ದನು. ಮಾರಿಯುಸನು ಅವನನ್ನು ಕೊಲೆಗಾರನೆಂದೂ ಭಾವಿಸಿ ಮನೆಯಿಂದ ಮೆಲ್ಲಮೆಲ್ಲನೆ ದೂರಮಾಡಿದ್ದನು. ಹಾಗಾದರೆ ಅವನ ಭ್ರಮೆಯು ತೊಲಗಿದುದು ಹೇಗೆ? ತೆನಾರ್ದಿಯೇ ಎಂಬ ದುಷ್ಟನು ಹಣದ ಆಸೆಯಿಂದ ವಾಲ್ಜಾನನ ಮೇಲೆ ದೂರು ಹೇಳಬಂದು, ಪ್ಯಾರಿಸಿನ ಕೊಳಚೆಯ ಸುರಂಗದಲ್ಲಿ ಅವನು ಒಬ್ಬನನ್ನು ಕೊಂದು ಹೊತ್ತೊಯ್ಯುತ್ತಿದ್ದನೆಂದು ಹೇಳಿ, ಸಾಕ್ಷಿಯಾಗಿ ಆ ‘ಹೆಣ’ದ ಕೋಟಿನಿಂದ ಹರಿದ ಬಟ್ಟೆಯ ಚೂರನ್ನು ತೋರಿಸುತ್ತಾನೆ. ಆ ಚೂರು ಮಾರಿಯುಸನ ಸ್ವಂತ ಕೋಟಿನದೇ! ಹೊತ್ತೊಯ್ಯಲ್ಪಟ್ಟವನು ತಾನೇ ಎಂದೂ, ವಾಲ್ಜಾನನು ತನ್ನ ಪ್ರಾಣವನ್ನು ಕಾಪಾಡಿದವನೆಂದೂ ಅವನಿಗೆ ಆಗ ತಿಳಿಯುವುದು. ಇಷ್ಟು ಕೇಡಿಗನಾದ ತೆನಾರ್ದಿಯೇಯನ್ನು ಮಾರಿಯುಸನು ಅದಕ್ಕೂ ಬಹಳ ಮುಂಚೆಯೇ ಪೊಲೀಸಿಗೆ ಒಪ್ಪಿಸಬಹುದಾಗಿತ್ತಲ್ಲ? ಒಪ್ಪಿಸುವ ಸಮಯ ಬಂದೂ ಇತ್ತು. ಕೈಯಲ್ಲಿ ಪಿಸ್ತೂಲು ಹಿಡಿದು ಸೂಚನೆ ಕೊಡಬೇಕೆಂದಿದ್ದಾಗಲೇ ಆ ಹೆಸರನ್ನು ಕೇಳಿ ಅವನ ಕೈ ನಡುಗಿತು. ಏಕೆಂದರೆ, ಈ ಹೆಸರಿನವನು ತನ್ನನ್ನು ರಣರಂಗದಲ್ಲಿ ಉಳಿಸಿದನು, ಅವನಿಗೆ ಸಾಧ್ಯವಾದಷ್ಟು ಉಪಕಾರ ಮಾಡು ಎಂದು ಅವನ ತಂದೆಯು ಬರೆದಿಟ್ಟು ಸತ್ತಿದ್ದನು. ತಂದೆಯ ಈ ನಂಬಿಕೆ ಎಲ್ಲಿಂದ ಬಂತು? ವಾಟರ್ಲೂ ಯುದ್ಧದ ರಾತ್ರಿ ಹೆಣಗಳ ಜೇಬು ದೋಚುತ್ತಿದ್ದ ತೆನಾರ್ದಿಯೇಯು ಒಬ್ಬ ಅಧಿಕಾರಿಯನ್ನು ಹೆಣಗಳ ರಾಶಿಯಿಂದ ಹೊರಕ್ಕೆಳೆದು ಅವನ ಗಡಿಯಾರವನ್ನು ಕದ್ದನು. ಎಚ್ಚೆತ್ತ ಅಧಿಕಾರಿಯು ಕಳ್ಳನನ್ನೇ ರಕ್ಷಕನೆಂದು ತಿಳಿದು ಹೆಸರು ಕೇಳಿಕೊಂಡನು.

ನೋಡಿರಿ, ಮರಣಶಯ್ಯೆಯಿಂದ ವಾಟರ್ಲೂವಿಗೆ ನಾಲ್ಕೇ ಮೆಟ್ಟಿಲು! ಎರಡನೆಯ ಭಾಗದ ಆರಂಭದಲ್ಲಿ ಹ್ಯೂಗೋವು ಹತ್ತೊಂಬತ್ತು ಅಧ್ಯಾಯಗಳನ್ನು ಆ ಯುದ್ಧಕ್ಕಾಗಿ ವ್ಯಯಿಸಿದ್ದಾನೆ. ಸಾರಾಂಶ ಬರೆಯುವವರು ಅದನ್ನು ಕಥೆಗೆ ಸಂಬಂಧವಿಲ್ಲದ ಇತಿಹಾಸವೆಂದು ಇಡಿಯಾಗಿ ಬಿಟ್ಟುಬಿಡುವುದುಂಟು. ಹದಿನೆಂಟನ್ನು ಬಿಟ್ಟರೆ ಕಥೆಗೆ ಲೋಪವಿಲ್ಲ. ಹತ್ತೊಂಬತ್ತನೆಯದನ್ನು ಬಿಟ್ಟರೆ ಮುಂದಿನ ಮೂರು ಭಾಗಗಳು ಕುಸಿಯುವವು. ಲೇಖಕನು ದಾರಿಬಿಟ್ಟು ಹೋದಂತೆ ಕಾಣುವ ಎಲ್ಲ ಕಡೆಗಳಲ್ಲಿಯೂ ಇದೇ ಎಚ್ಚರಿಕೆಯು ಬೇಕು. ಪ್ಯಾರಿಸಿನ ಕೊಳಚೆಯ ಚರಿತ್ರೆಗೆ ಆರು ಅಧ್ಯಾಯಗಳಿವೆ; ನಮಗೆ ಬೇಕಾದುದು, ಆ ಸುರಂಗವು ಕವಲುಗಳಿಂದ ಕೂಡಿದ್ದು ದಾರಿ ತಪ್ಪಿಸುವಂಥದೆಂದೂ ಅದರ ಬಾಯಿಗೆ ಬೀಗವಿತ್ತೆಂದೂ ಹೇಳುವ ಒಂದು ವಾಕ್ಯ. ಕನ್ಯಾಮಠದ ವರ್ಣನೆಗೂ ಎರಡು ವಾಕ್ಯ ಸಾಕು.

ಇದಕ್ಕೆ ಪ್ರತಿಯಾಗಿ, ನೋಟಕ್ಕೆ ಬಹು ಚಿಕ್ಕದಾದ ಒಂದು ಅಧ್ಯಾಯಕ್ಕೆ ನಾವು ಒಂದು ಪುಟವನ್ನಾದರೂ ಕೊಡುವೆವು. ರೊಟ್ಟಿಯನ್ನು ಕದ್ದುದಕ್ಕಾಗಿಯೂ ಸೆರೆಯಿಂದ ತಪ್ಪಿಸಿಕೊಳ್ಳಲು ಯತ್ನಿಸಿದುದಕ್ಕಾಗಿಯೂ ಹತ್ತೊಂಬತ್ತು ವರ್ಷ ಶಿಕ್ಷೆ ಅನುಭವಿಸಿ ೧೮೧೫ರಲ್ಲಿ ಹೊರಬಂದ ವಾಲ್ಜಾನನು, ತನಗೆ ಆಶ್ರಯ ಕೊಟ್ಟ ಬಿಷಪ್ಪರ ಬೆಳ್ಳಿಯನ್ನು ಕದ್ದು ಸಿಕ್ಕಿಬಿದ್ದದ್ದೂ, ಅವರು ಅದನ್ನು ತಾನೇ ಕೊಟ್ಟೆನೆಂದು ಹೇಳಿ ಎರಡು ದೀಪಸ್ತಂಭಗಳನ್ನು ಸಹ ಸೇರಿಸಿ ಕಳುಹಿಸಿದ್ದೂ ಎಲ್ಲರಿಗೂ ನೆನಪಿರುವುದು. ಅದೇ ದಿನ ಸಾಯಂಕಾಲ ನಡೆದುದನ್ನು ಮಾತ್ರ ಸಂಗ್ರಹಕಾರರು ಮರೆಯುವರು. ಪೆತಿ ಜೆರ್ವೆ ಎಂಬ ಹತ್ತು ವರ್ಷದ ಬಡ ಹುಡುಗನ ಕೈಯಿಂದ ಉರುಳಿಬಂದ ನಾಲ್ವತ್ತು ಸೂ ನಾಣ್ಯದ ಮೇಲೆ ವಾಲ್ಜಾನನು ಕಾಲಿಟ್ಟು, ಹುಡುಗನು ಅತ್ತು ಬೇಡಿದರೂ ತೆಗೆಯದೆ, ಗದರಿಸಿ ಅಟ್ಟಿದನು. ಅವನು ಹೋದಮೇಲೆ ತನಗೇ ಹೇಸಿ, ಹುಡುಕಾಡಿ ಕಾಣದೆ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲನೆಯ ಸಾರಿ ಅತ್ತನು.

ಇದನ್ನು ಬಿಟ್ಟರೆ ಬಿಷಪ್ಪರು ಒಂದು ಮಾತನ್ನಾಡಿದರು, ಕಳ್ಳನು ಕೂಡಲೇ ಸಜ್ಜನನಾದನು ಎಂಬ ಹಗುರವಾದ ಕಥೆಯಾಗುವುದು. ಅಷ್ಟೇ ಅಲ್ಲ. ಮುಂದೆ ಅವನು ಪಟ್ಟಣವೊಂದರ ಮೇಯರಾಗಿ, ಎಷ್ಟೋ ಬಡವರಿಗೆ ಅನ್ನವಿಕ್ಕಿ, ತನ್ನ ಹೆಸರಿನಲ್ಲಿ ಸಿಕ್ಕಿಬಿದ್ದ ನಿರಪರಾಧಿಯೊಬ್ಬನನ್ನು ಬಿಡಿಸಲು ತಾನೇ ನ್ಯಾಯಸ್ಥಾನದಲ್ಲಿ ಒಪ್ಪಿಕೊಂಡಾಗ, ಅವನಿಗೆ ಮರಣದಂಡನೆ ವಿಧಿಸಲ್ಪಟ್ಟು, ಬಳಿಕ ಅರಸನ ಕೃಪೆಯಿಂದ ಅದು ಜೀವಾವಧಿ ಶಿಕ್ಷೆಯಾಗುತ್ತದೆ. ರೊಟ್ಟಿಗಾಗಿ ಹತ್ತೊಂಬತ್ತು ವರ್ಷ ತೀರಿಸಿದವನಿಗೆ ಮತ್ತೆ ಮರಣದಂಡನೆ ಏತಕ್ಕೆಂದು ಓದುವವಳು ಕೇಳದಿರಳು. ಉತ್ತರವು ಆ ನಾಣ್ಯವೇ. ಕಾನೂನಿನ ಕಣ್ಣಿಗೆ ಅದು ದಾರಿಗಳ್ಳತನ.

ಘಟನೆಗಳ ಕೊಂಡಿಗಳು ಕೂಡಿದಮೇಲೆ ಪಾತ್ರಗಳನ್ನು ಒಮ್ಮೆ ಪರೀಕ್ಷಿಸಬೇಕು, ಏಕೆಂದರೆ ಸಂಕ್ಷೇಪದಲ್ಲಿ ಮನುಷ್ಯರು ಬೊಂಬೆಗಳಾಗಿಬಿಡುವರು. ಇಲ್ಲಿ ಹೆಚ್ಚಾಗಿ ಅನ್ಯಾಯಕ್ಕೆ ಗುರಿಯಾಗುವವನು ಇನ್‌ಸ್ಪೆಕ್ಟರ್ ಜಾವೇರ್. ಬೆನ್ನಟ್ಟುವ ಕೆಲಸವನ್ನು ಮಾತ್ರ ಉಳಿಸಿಕೊಂಡರೆ ಅವನು ಬೇಟೆನಾಯಿಯಂತೆ ಕಾಣುವನು. ಅವನು ಕೊನೆಗೆ ನದಿಗೆ ಹಾರುವುದು ಅರ್ಥವಾಗುವುದೇ ಇಲ್ಲ. ಮೊದಲನೆಯ ಭಾಗದಲ್ಲಿ ಅವನು ಮೇಯರನ ಎದುರಿನಲ್ಲಿ ನಿಂತು, ತಮ್ಮನ್ನು ಹಳೆಯ ಕೈದಿಯೆಂದು ತಪ್ಪಾಗಿ ದೂರು ಬರೆದೆನು, ಆದುದರಿಂದ ನನ್ನನ್ನು ಕೆಲಸದಿಂದ ತೆಗೆಯಬೇಕು ಎಂದು ಹಟಹಿಡಿಯುವ ಒಂದು ಪ್ರಸಂಗವಿದೆ. ಕಥೆಯ ಓಟಕ್ಕೆ ಇದರಲ್ಲಿ ಬೇಕಾದುದು ಬೇರೊಬ್ಬನು ಸಿಕ್ಕಿಬಿದ್ದ ಸುದ್ದಿಯೊಂದೇ; ಜಾವೇರನನ್ನು ತಿಳಿಯಲು ಪ್ರಸಂಗವೆಲ್ಲವೂ ಬೇಕು. ಇತರರಿಗೆ ತೋರದ ದಯೆಯನ್ನು ಅವನು ತನಗೂ ತೋರಲೊಲ್ಲನು. ಇಂಥವನ ಪ್ರಾಣವನ್ನು ಒಬ್ಬ ಅಪರಾಧಿಯು ಉಳಿಸಿಕೊಟ್ಟಾಗ, ಅವನನ್ನು ಬಿಡುವುದೂ ತಪ್ಪು, ಹಿಡಿಯುವುದೂ ತಪ್ಪು ಎಂಬ ಇಕ್ಕಟ್ಟು ಉಂಟಾಗುವುದು. ಕೂಟದಲ್ಲಿ ಚರ್ಚೆಯು ಇಲ್ಲಿಯೇ ಬಿಸಿಯೇರುವುದೆಂದು ನಾವು ಬಲ್ಲೆವು.

ಸುಳ್ಳಿನ ಪ್ರಶ್ನೆಯೂ ಬರುವುದು. ಬಿಷಪ್ಪರು ಬೆಳ್ಳಿಯ ವಿಷಯದಲ್ಲಿ ಆಡಿದ ಮಾತನ್ನೂ, ಜೀವಮಾನದಲ್ಲಿ ಸುಳ್ಳಾಡದ ಸಿಸ್ಟರ್ ಸೆಂಪ್ಲೀಸಳು ವಾಲ್ಜಾನನನ್ನು ಉಳಿಸಲು ಜಾವೇರನಿಗೆ ಎರಡು ಸಾರಿ ಸುಳ್ಳು ಹೇಳಿದ್ದನ್ನೂ ಸಾರಾಂಶದಲ್ಲಿ ತಪ್ಪದೆ ಸೇರಿಸತಕ್ಕದ್ದು. ಅವರು ಮಾಡಿದ್ದು ಸರಿಯೋ ಎಂಬ ತೀರ್ಪನ್ನು ಬರೆಯುವವಳು ಕೊಡಬಾರದು. ತನ್ನ ಅಭಿಪ್ರಾಯವನ್ನು ಹೇಳಲೇಬೇಕೆನಿಸಿದರೆ ಅಂಚಿನಲ್ಲಿ ಬೇರೆ ಶಾಯಿಯಿಂದ ಬರೆಯಲಿ. ಇಲ್ಲವಾದರೆ ಓದಿದವಳು ಅದನ್ನು ಹ್ಯೂಗೋವಿನದೆಂದು ತಿಳಿದು ಕೂಟದಲ್ಲಿ ಹೇಳುವಳು.

ಇನ್ನು ಹೆಸರುಗಳು. ವಾಲ್ಜಾನನು ಕಥೆಯಲ್ಲಿ ಮದಲೇನ್, ಫೋಷಲ್ವಾ ಮೊದಲಾದ ಹೆಸರುಗಳಿಂದ ಓಡಾಡುತ್ತಾನೆ. ಹ್ಯೂಗೋವು ಕುತೂಹಲಕ್ಕಾಗಿ ಗುಟ್ಟನ್ನು ಮುಚ್ಚಿಡುವನು. ನಮಗೆ ಅದಕ್ಕೆ ಸ್ಥಳವಿಲ್ಲ. ಆದುದರಿಂದ ಎಲ್ಲೆಡೆಯೂ ವಾಲ್ಜಾನನೆಂದೇ ಬರೆದು, ಆಗ ಜನರು ಅವನನ್ನು ಕರೆಯುತ್ತಿದ್ದ ಹೆಸರನ್ನು ಒಂದೊಂದು ಸಾರಿ ಹೇಳಿದರಾಯಿತು. ಕಾಲದ ವಿಷಯದಲ್ಲಿಯೂ ಒಂದು ಗೊಂದಲವುಂಟು. ಬೀದಿಯಲ್ಲಿ ಅಡ್ಡಗಟ್ಟೆ ಕಟ್ಟಿ ಕಾದಾಡುವ ಪ್ರಸಂಗವನ್ನು ೧೭೮೯ರ ಮಹಾಕ್ರಾಂತಿಯೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ೧೮೩೨ರ ಜೂನ್ ತಿಂಗಳಲ್ಲಿ ಎರಡು ದಿನ ನಡೆದು ಅಡಗಿಹೋದ ದಂಗೆ. ಇಸವಿಯನ್ನು ಬರೆದರೆ, ಆ ತರುಣರ ಸಾವು ಜಯದ ಕಥೆಯಲ್ಲವೆಂಬುದು ತಾನಾಗಿ ಸ್ಪಷ್ಟವಾಗುವುದು.

ಬರೆದು ಮುಗಿದಮೇಲೆ, ಪುಸ್ತಕವನ್ನು ಓದದ ಒಬ್ಬರಿಗೆ ಅದನ್ನು ಗಟ್ಟಿಯಾಗಿ ಓದಿಹೇಳತಕ್ಕದ್ದು. ಅವರು ‘ಇವನಾರು?’ ಎಂದು ತಡೆದ ಕಡೆಗಳಲ್ಲಿ ಹೆಸರಿನ ಜೊತೆಗೆ ಸಂಬಂಧವನ್ನೂ ಬರೆಯಬೇಕು, ‘ಹಾಗೇಕೆ ಮಾಡಿದನು?’ ಎಂದ ಕಡೆಗಳಲ್ಲಿ ಬೇಕಾದ ಚೀಟಿಯೊಂದು ಬಿಟ್ಟುಹೋಗಿದೆಯೆಂದು ತಿಳಿದು ಮತ್ತೆ ಹುಡುಕಬೇಕು. ಅವರು ಆಕಳಿಸಿದ ಕಡೆಗಳಲ್ಲಿ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಬೇಕು.

ತೆಗೆದಿಟ್ಟ ಅರ್ಧ ಗಂಟೆಯಲ್ಲಿ ಮೂಲವನ್ನೇ ಓದಲಿ ಎಂದೆವಷ್ಟೆ. ಸಾರಾಂಶವು ಹ್ಯೂಗೋವಿನ ಕಥೆಯನ್ನು ಕೊಡಬಲ್ಲದು, ಅವನ ದನಿಯನ್ನು ಕೊಡಲಾರದು. ಕೂಟದಲ್ಲಿ ಯಾರಾದರೂ ಒಂದು ವಾಕ್ಯವನ್ನು ಓದಿಹೇಳಿದಾಗ ಅದು ಅವಳಿಗೆ ಅಪರಿಚಿತವಾಗಿರಬಾರದು. ನಾವು ಮೂರನ್ನು ಆರಿಸುವೆವು: ಪೆತಿ ಜೆರ್ವೆಯ ಅಧ್ಯಾಯ, ಜಾವೇರನು ತನ್ನನ್ನು ತೆಗೆಯಬೇಕೆಂದು ಕೇಳುವ ಅಧ್ಯಾಯ, ಮತ್ತು ಅವನ ಕೊನೆಯ ರಾತ್ರಿಯ ಅಧ್ಯಾಯ. ಮೇಯರನು ರಾತ್ರಿಯೆಲ್ಲಾ ತನ್ನ ಮನಸ್ಸಿನೊಡನೆ ಹೋರಾಡುವ ಅಧ್ಯಾಯವು ಹೆಚ್ಚು ಪ್ರಸಿದ್ಧವಾದರೂ ಬಹಳ ಉದ್ದ. ಅದೊಂದೇ ಸಮಯವನ್ನೆಲ್ಲಾ ನುಂಗಿಬಿಡುವುದು. ಅಧ್ಯಾಯಗಳನ್ನು ಸೂಚಿಸುವಾಗ ಪುಟಸಂಖ್ಯೆಯನ್ನು ಕೊಡಬಾರದು, ಒಂದೊಂದು ಮುದ್ರಣದಲ್ಲಿ ಅದು ಒಂದೊಂದಾಗಿರುವುದು. ಭಾಗ, ಪುಸ್ತಕ, ಅಧ್ಯಾಯ ಎಂಬ ಮೂರನ್ನು ಬರೆಯಬೇಕು. ಪೆತಿ ಜೆರ್ವೆಯದು ಮೊದಲನೆಯ ಭಾಗ, ಎರಡನೆಯ ಪುಸ್ತಕ, ಹದಿಮೂರನೆಯ ಅಧ್ಯಾಯ. ಜಾವೇರನ ಬೇಡಿಕೆಯು ಅದೇ ಭಾಗದ ಆರನೆಯ ಪುಸ್ತಕದ ಎರಡನೆಯದು. ಅವನ ಕೊನೆಯ ರಾತ್ರಿಯು ಐದನೆಯ ಭಾಗದ ನಾಲ್ಕನೆಯ ಪುಸ್ತಕ, ಆ ಪುಸ್ತಕದಲ್ಲಿ ಇರುವುದು ಅದೊಂದೇ ಅಧ್ಯಾಯ.