ಬಾಕಿ ಕೇಳುವಾಗ ಬಾಯಿ ಬಿಗಿ ಇರಲಿ, ಮಗೂ

ಲೇತ್ ಮುಂದೆ ನಿಂತರೆ ನಿನ್ನ ಕೈ ಒಂದು ಕೂದಲೆಳೆಯೂ ತಪ್ಪುವುದಿಲ್ಲ. ಅದೇ ಕೈಗೆ ಫೋನು ಬಂದರೆ ಮಾತ್ರ ಲಂಗುಲಗಾಮಿಲ್ಲ. ಮೊನ್ನೆ ಗಿರಾಕಿಯ ಅಕೌಂಟ್ಸ್‌ನವರಿಗೆ ನೀನು ಕಳಿಸಿದ್ದನ್ನು ಓದಿದೆ: “ಎಷ್ಟು ಸಲ ಹೇಳೋದು ಸಾರ್? ಎರಡು ತಿಂಗಳಾಯ್ತು. ದುಡ್ಡು ಕೊಡೋ ಮನಸ್ಸಿದೆಯೋ ಇಲ್ವೋ? ನಾಳೆ ಬರದಿದ್ರೆ ಮುಂದಿನದ್ದು ನೀವೇ ನೋಡ್ಕೊಳ್ಳಿ.”

ನಿನ್ನ ಸಿಟ್ಟು ನ್ಯಾಯವಾದದ್ದೇ. ಕಬ್ಬಿಣ ತಂದ ಅಂಗಡಿಯವರಿಗೆ ನೀನೂ ಕೊಡಬೇಕು, ಶನಿವಾರ ಹುಡುಗರಿಗೆ ಬಟವಾಡೆ ಆಗಬೇಕು. ಆದರೆ ಇದನ್ನು ಓದಿದವನು ಯಾರು ಅಂತ ಯೋಚಿಸಿದೆಯಾ? ಸಂಬಳಕ್ಕೆ ದುಡಿಯುವ ಗುಮಾಸ್ತ. ಹಣ ಅವನದಲ್ಲ, ತಡ ಮಾಡಿದವನೂ ಬಹುಶಃ ಅವನಲ್ಲ. ಆದರೆ ನೂರಾರು ಬಿಲ್ಲುಗಳ ಕಂತೆಯಿಂದ ನಿನ್ನದನ್ನು ಮೇಲಕ್ಕೆ ಎತ್ತಿಡಬಲ್ಲವನು ಅವನೇ. ಅವನನ್ನೇ ಕಳ್ಳ ಅಂದ ಹಾಗೆ ಬರೆದರೆ ಯಾವ ಮನಸ್ಸಿನಿಂದ ಎತ್ತಿಡುತ್ತಾನೆ?

ಇನ್ನೂ ದೊಡ್ಡ ಕೊರತೆ ಬೇರೆ ಇದೆ. ಇಷ್ಟು ಬೈದರೂ ಯಾವ ಬಿಲ್ಲು, ಎಷ್ಟು ಹಣ ಅಂತ ನೀನು ಬರೆದೇ ಇಲ್ಲ! “ಎರಡು ತಿಂಗಳು” ಅನ್ನುವುದೂ ಸರಿಯಲ್ಲ. ಜೂನ್ 4ಕ್ಕೆ ಮಾಲು ಇಳಿಸಿದೆ, ಮೂವತ್ತು ದಿನದ ವಾಯಿದೆ, ಅಂದರೆ ಜುಲೈ 4ಕ್ಕೆ ಹಣ ಬರಬೇಕಿತ್ತು. ಇವತ್ತು ಆಗಸ್ಟ್ 5. ವಾಯಿದೆ ಮೀರಿ ಒಂದು ತಿಂಗಳಾಗಿದೆ, ಅಷ್ಟೇ. ಲೆಕ್ಕ ಹಿಗ್ಗಿಸಿದರೆ ಅವರು ಅದನ್ನೇ ಹಿಡಿದುಕೊಂಡು ವಾದಕ್ಕೆ ಕೂರುತ್ತಾರೆ. ಮುಂದಿನ ಸೋಮವಾರ ಅವರಿಗೇ ಮತ್ತೆ ಮಾಲು ಕಳಿಸುವವನು “ನೀವೇ ನೋಡ್ಕೊಳ್ಳಿ” ಅಂದರೆ ಯಾರು ಹೆದರುತ್ತಾರೆ?

ಈಗ ಹೀಗೆ ಬರೆ:

“ನಮಸ್ಕಾರ. ನಮ್ಮ ಬಿಲ್ ಸಂಖ್ಯೆ 212, ಜೂನ್ 3ರದ್ದು, ಮೊತ್ತ ಜಿಎಸ್‌ಟಿ ಸೇರಿ 84,000 ರೂಪಾಯಿ. ಮಾಲು ಜೂನ್ 4ಕ್ಕೆ ತಲುಪಿದೆ. ಸಹಿಯಾದ ಚಲನ್ ಮತ್ತು ನಿಮ್ಮ ಪಿಒ ಪ್ರತಿ ಜೊತೆಗಿದೆ. ಜುಲೈ 4ಕ್ಕೆ ಪಾವತಿ ಆಗಬೇಕಿತ್ತು, ಇನ್ನೂ ಬಂದಿಲ್ಲ. ಬಿಲ್ಲಿನಲ್ಲಿ ತಕರಾರಿದ್ದರೆ ನಾಳೆಯೊಳಗೆ ತಿಳಿಸಿ, ಸರಿಪಡಿಸಿ ಕೊಡುತ್ತೇನೆ. ಇಲ್ಲದಿದ್ದರೆ ಆಗಸ್ಟ್ 12ರೊಳಗೆ ಪಾವತಿ ಮಾಡಿಸಿಕೊಡಬೇಕಾಗಿ ವಿನಂತಿ.”

ತಕರಾರು ಕೇಳಿದ್ದು ಬರೀ ಮರ್ಯಾದೆಗಲ್ಲ. ಸ್ಟೋರ್ಸ್‌ನವರು ಮಾಲು ಬಂದ ಎಂಟ್ರಿ ಹಾಕಿರುವುದಿಲ್ಲ, ಇಲ್ಲವೇ ಬಿಲ್ಲಿನಲ್ಲಿ ಪಿಒ ಸಂಖ್ಯೆ ಬಿಟ್ಟುಹೋಗಿರುತ್ತದೆ. ಅಷ್ಟಕ್ಕೇ ಬಿಲ್ಲು ತಿಂಗಳುಗಟ್ಟಲೆ ಮಲಗುವುದುಂಟು. ಅಂಥದ್ದೇನೂ ಇಲ್ಲ ಅಂತಾದರೆ ಮುಂದೆ ನೆಪ ಹೇಳಲು ಅವರಿಗೆ ದಾರಿಯೂ ಉಳಿಯುವುದಿಲ್ಲ.

ಹಾಗಂತ ಮೆತ್ತಗಾಗಲೂ ಬೇಡ. “ನಿಮ್ಮ ಅನುಕೂಲ ನೋಡಿಕೊಂಡು”, “ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ” ಅನ್ನಬೇಡ. ದುಡಿದ ಹಣ ಕೇಳುವವನು ಕ್ಷಮೆ ಯಾಕೆ ಕೇಳಬೇಕು? ವಿನಯ ಮಾತಿನಲ್ಲಿರಲಿ, ಬಿಗಿ ತಾರೀಕಿನಲ್ಲಿರಲಿ.

12ನೇ ತಾರೀಕು ದಾಟಿತೋ, 13ರ ಬೆಳಿಗ್ಗೆಯೇ ಮುಂದಿನ ಪತ್ರ ಹೋಗಲಿ, ಈ ಸಲ ಖರೀದಿ ಮ್ಯಾನೇಜರಿಗೂ. ಅದರಲ್ಲಿ ಮಾಡಿಯೇ ತೀರುವುದನ್ನು ಮಾತ್ರ ಬರೆ: “ಈ ಬಾಕಿ ತೀರುವವರೆಗೆ ಹೊಸ ಮಾಲನ್ನು ಮುಂಗಡ ಬಂದ ಮೇಲಷ್ಟೇ ಕಳಿಸುತ್ತೇವೆ.” ನಿನ್ನದು ಉದ್ಯಮ್ ನೋಂದಣಿಯಾದ ಸಣ್ಣ ಘಟಕ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಿದ ದಿನಕ್ಕೆ ನಿನಗೆ ಹಣ ಕೊಡಬೇಕು. ಎಷ್ಟೇ ಉದ್ದದ ವಾಯಿದೆ ಬರೆದುಕೊಂಡಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇದನ್ನು ಒಂದೇ ಸಾಲಿನಲ್ಲಿ, ಕಾಯ್ದೆಯ ಹೆಸರು ಹಾಕಿ, ಸ್ವರ ಏರಿಸದೆ ತಿಳಿಸು. ಮೊದಲ ಪತ್ರದಲ್ಲೇ ಕಾಯ್ದೆ ಎತ್ತಬೇಡ. ಎತ್ತಿದರೆ ಕಾಗದ ಅವರ ವಕೀಲರ ಮೇಜಿಗೆ ಹೋಗುತ್ತದೆ, ಹಣ ಅಲ್ಲೇ ಉಳಿಯುತ್ತದೆ.

ಇಷ್ಟಾದರೂ ಜವಾಬು ಬರಲಿಲ್ಲ ಅಂದರೆ ಬರೆಯುವುದು ಸಾಕು, ಹೋಗಿ ಎದುರಿಗೆ ಕೂತು ಕೇಳು. ಗಿರಾಕಿಯ ಹತ್ತಿರವೇ ಹಣವಿಲ್ಲದಿದ್ದರೆ ಎಂಥ ಪತ್ರವೂ ಹುಟ್ಟಿಸಲಾರದು. ಆಗ ಕಂತು ಒಪ್ಪಿಕೊಂಡು ತಾರೀಕು ಬರೆಸಿಕೋ. ಕೊಡುವ ಶಕ್ತಿಯಿದ್ದೂ ಸತಾಯಿಸಿದರೆ ಎಂಎಸ್‌ಎಂಇ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡು. ಅಲ್ಲಿ ನಿನ್ನ ಈ ಪತ್ರಗಳೇ ದಾಖಲೆ. ಬೈಗುಳವಿಲ್ಲದ, ತಾರೀಕು ಸರಿಯಿರುವ ಪತ್ರ ಅಲ್ಲಿ ನಿನ್ನ ಪರವಾಗಿ ಮಾತಾಡುತ್ತದೆ.

ಹಣ ಬಂದ ದಿನ ಟಿಡಿಎಸ್ ಎಷ್ಟು ಹಿಡಿದಿದ್ದಾರೆ ನೋಡಿಕೋ, ಕಡಿಮೆ ಬಂತು ಅಂತ ಮತ್ತೆ ಹಾರಾಡಬೇಡ. ಆಮೇಲೆ ಆ ಗುಮಾಸ್ತನಿಗೆ “ಬಿಲ್ 212 ಚುಕ್ತಾ ಆಯಿತು, ನಿಮ್ಮಿಂದ ಉಪಕಾರವಾಯಿತು” ಅಂತ ಒಂದು ಸಾಲು ಕಳಿಸು. ಮುಂದಿನ ಬಿಲ್ಲೂ ಅವನ ಮೇಜಿನ ಮೇಲೇ ಹಾದುಹೋಗಬೇಕು.